ಒಂದು ಸ್ಟಾರ್ ಕೊಟ್ಟೋರಿಗಲ್ಲ, ನಾಳೆ ಕೊಳ್ಳೋರಿಗೆ ಉತ್ತರ ಬರೀಬೇಕು

ನಮ್ಮ ಕಡೆ ಈಗ ಆಲೆಮನೆ ಬೆಲ್ಲನ ಆನ್‌ಲೈನಲ್ಲಿ ಮಾರೋರು ಜಾಸ್ತಿ ಆಗಿದ್ದಾರೆ. ನಾನೂ ಮೂರು ವರ್ಷದಿಂದ ಅಚ್ಚು ಬೆಲ್ಲ ಕಳಿಸ್ತಾ ಇದೀನಿ. ಹೋದ ಆಷಾಢದಲ್ಲಿ ಕರಾವಳಿ ಕಡೆಯ ಒಬ್ಬರು ಎರಡು ಕೆಜಿ ತರಿಸಿಕೊಂಡು ಒಂದು ಸ್ಟಾರ್ ಕೊಟ್ಟು ಹೀಗೆ ಬರೆದಿದ್ದರು: "ಕಪ್ಪಗಿದೆ, ನೀರು ಬಿಟ್ಟಿದೆ, ಒಳಗೆ ಕಬ್ಬಿನ ಸಿಪ್ಪೆ ಸಿಕ್ಕಿತು. ಹಳೇ ಮಾಲು ಕಳಿಸಿ ಮೋಸ ಮಾಡಿದ್ದಾರೆ."

ಓದಿ ನನಗೆ ಮೈ ಉರೀತು. ಅವತ್ತು ರಾತ್ರಿನೇ ಉತ್ತರ ಬರೆದೆ. "ನಿಮಗೆ ಬೆಲ್ಲ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಕೆಮಿಕಲ್ ಹಾಕಿದ ಹಳದಿ ಬೆಲ್ಲ ತಿಂದು ಅಭ್ಯಾಸ ಆಗಿದೆ. ಕಪ್ಪಗಿದ್ರೇನೇ ಶುದ್ಧ." ಕಳಿಸೋಕೆ ಮುಂಚೆ ಮಗಳಿಗೆ ತೋರಿಸಿದೆ. ಅವಳು ಒಂದೇ ಮಾತು ಕೇಳಿದಳು. "ಅಪ್ಪಾ, ಇದನ್ನ ಅವರೊಬ್ಬರೇ ಓದ್ತಾರಾ?"

ಆ ಮಾತು ನಾಟಿತು. ಒಂದು ಸ್ಟಾರ್ ಕೊಟ್ಟವರು ನಮ್ಮ ಉತ್ತರ ನೋಡೋಕೆ ವಾಪಸ್ ಬರೋದು ಅಪರೂಪ. ಆದರೆ ನಾಳೆ ಕೊಳ್ಳೋಕೆ ಬರೋರು ಮೊದಲು ಹುಡುಕಿ ಓದೋದೇ ಕೆಟ್ಟ ರಿವ್ಯೂನ. ಓದಿ ಅವರು ಯೋಚನೆ ಮಾಡೋದು ಎರಡೇ: ನನಗೂ ಹೀಗೇ ಬಂದರೆ ಏನು ಗತಿ? ಆಗ ಈ ಮನುಷ್ಯ ನನ್ನ ಮೇಲೂ ಹೀಗೇ ರೇಗ್ತಾನಾ? ನಾನು ಸಿಟ್ಟಲ್ಲಿ ಬರೆದಿದ್ದು ಎರಡನೇ ಪ್ರಶ್ನೆಗೆ 'ಹೌದು' ಅಂದಂಗಿತ್ತು, ಮೊದಲನೇದಕ್ಕೆ ಏನೂ ಹೇಳಿರಲಿಲ್ಲ.

ಅಳಿಸಿ ಹಾಕಿದೆ. ಮಾರನೇ ದಿನ ಬೆಳಿಗ್ಗೆ ಪುಸ್ತಕ ತೆಗೆದು ಆ ಪ್ಯಾಕೆಟ್ ಯಾವ ದಿನದ ಮಾಲು ಅಂತ ನೋಡಿದೆ. ನನ್ನ ಅಭಿಪ್ರಾಯ ಇಷ್ಟೇ: ಆ ಲಾಟು ಪರೀಕ್ಷೆ ಮಾಡದೆ ಉತ್ತರ ಬರೆಯೋಕೆ ಕೂರಬಾರದು. ಯಾಕಂದ್ರೆ ಅಲ್ಲಿ ನನಗೇ ಗೊತ್ತಿಲ್ಲದ ತಪ್ಪು ಸಿಕ್ಕಿತು.

ಮೊದಲು ನೀರು ಬಿಟ್ಟಿದ್ದು. ಬೆಲ್ಲದಲ್ಲಿ ಸಕ್ಕರೆ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಇರ್ತವೆ. ಇವು ಗಾಳಿಯಲ್ಲಿರೋ ತೇವ ಎಳ್ಕೊಳ್ತವೆ. ಮಳೆಗಾಲದ ಕರಾವಳಿ ಗಾಳಿಗೆ ಎಂಥಾ ಬೆಲ್ಲನೂ ಸ್ವಲ್ಪ ಅಂಟಾಗುತ್ತೆ. ಹಂಗಂತ ಎಲ್ಲಾನೂ ಮಳೆ ಮೇಲೆ ಹಾಕೋಕೆ ಆಗಲ್ಲ. ಪುಸ್ತಕದಲ್ಲಿ ನೋಡಿದರೆ ಆ ಲಾಟಿನ ಕಬ್ಬು ಕಡಿದು ಮೂರು ದಿನ ಆದಮೇಲೆ ಗಾಣಕ್ಕೆ ಹೋಗಿತ್ತು, ಆಳು ಸಿಕ್ಕಿರಲಿಲ್ಲ. ಕಡಿದ ಕಬ್ಬು ಬಿದ್ದಷ್ಟೂ ಅದರಲ್ಲಿರೋ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿ ಆಗುತ್ತೆ. ಅಂಥ ಕಬ್ಬಿನ ಬೆಲ್ಲ ಗಟ್ಟಿ ಕೂರಲ್ಲ, ತೇವ ಬೇಗ ಕುಡಿಯುತ್ತೆ. ಇದರ ಮೇಲೆ ನಾನು ಕಳಿಸಿದ್ದು ತೆಳು ಕವರಲ್ಲಿ. ಅಂದ್ರೆ ಅರ್ಧ ಮಳೆದು, ಅರ್ಧ ನಂದು.

ಎರಡನೇದು ಬಣ್ಣ. ನಾವು ಕೊಪ್ಪರಿಗೆಗೆ ಸುಣ್ಣ, ಬೆಂಡೆ ಗಿಡದ ಲೋಳೆ ಬಿಟ್ಟರೆ ಬೇರೆ ಹಾಕಲ್ಲ. ಬಣ್ಣ ಬಿಳಿಚೋಕೆ ಹಾಕೋ ಹೈಡ್ರೋಸ್ ನಮ್ಮಲ್ಲಿಲ್ಲ, ಅದಕ್ಕೆ ಬೆಲ್ಲ ಕಂದು. ಆದರೆ 'ಕಪ್ಪಗಿದ್ರೇನೇ ಶುದ್ಧ' ಅಂತ ಬರೆದಿದ್ದರೆ ಅದು ಸುಳ್ಳಾಗ್ತಿತ್ತು. ಪಾಕ ತಳ ಹತ್ತಿದರೂ ಬೆಲ್ಲ ಕಪ್ಪಾಗುತ್ತೆ, ಚೌಳು ಮಣ್ಣಿನ ಕಬ್ಬಾದರೂ ಕಪ್ಪಾಗುತ್ತೆ. ಹೈಡ್ರೋಸ್ ಹಾಕಿದ ಬೆಲ್ಲನೂ ಇಟ್ಟಂಗೆ ಇಟ್ಟಂಗೆ ಬಣ್ಣ ತಿರುಗುತ್ತೆ. ಬಣ್ಣ ನೋಡಿ ಪ್ರಮಾಣ ಮಾಡೋಕಾಗಲ್ಲ. ಕೊಳ್ಳೋರಲ್ಲೂ ಇದು ಗೊತ್ತಿರೋರು ಇರ್ತಾರೆ. ಒಂದು ಸುಳ್ಳು ಸಿಕ್ಕಿದರೆ ಮಿಕ್ಕಿದ್ದನ್ನೂ ನಂಬಲ್ಲ.

ಮೂರನೇದು ಸಿಪ್ಪೆ. ಹೋಗಿ ನೋಡಿದರೆ ಹಾಲು ಸೋಸೋ ಜರಡಿ ಒಂದು ಕಡೆ ಹರಿದಿತ್ತು. ಇದಕ್ಕೆ ಸಬೂಬೇ ಇಲ್ಲ.

ಇಷ್ಟು ತಿಳ್ಕೊಂಡ ಮೇಲೆ ಬರೆದ ಉತ್ತರ ಇದು:

"ನೀವು ಹೇಳಿದ ಲಾಟು ಪರೀಕ್ಷೆ ಮಾಡಿದೆವು. ಸಿಪ್ಪೆ ಬಂದಿದ್ದು ನಮ್ಮ ತಪ್ಪು, ಜರಡಿ ಹರಿದಿತ್ತು, ಬದಲಾಯಿಸಿದ್ದೇವೆ. ಈ ಲಾಟಿನ ಕಬ್ಬು ಕಡಿದ ಮೇಲೆ ಮೂರು ದಿನ ಬಿದ್ದಿತ್ತು, ಅದರಿಂದ ಬೆಲ್ಲ ಬೇಗ ತೇವ ಎಳೆದಿದೆ. ತೆಳು ಕವರಲ್ಲಿ ಕಳಿಸಿದ್ದೂ ಸರಿಯಲ್ಲ, ಈಗ ದಪ್ಪ ಕವರಲ್ಲಿ ಸೀಲ್ ಮಾಡುತ್ತಿದ್ದೇವೆ. ನಿಮ್ಮ ಹಣ ವಾಪಸ್ ಕೊಡುತ್ತೇವೆ. ನಮ್ಮ ಬೆಲ್ಲದ ಬಣ್ಣ ಕಂದು, ಒಂದೊಂದು ಲಾಟಿಗೆ ಸ್ವಲ್ಪ ಬದಲಾಗುತ್ತದೆ. ಹಳದಿ ಬೆಲ್ಲ ಬೇಕಾದವರಿಗೆ ಇದು ಹೊಂದಲ್ಲ. ಮಳೆಗಾಲದಲ್ಲಿ ಅಂಟಾದರೆ ಗಾಳಿಯಾಡದ ಡಬ್ಬಿಯಲ್ಲಿಡಿ. ಹುಳಿ ವಾಸನೆ ಅಥವಾ ಬೂಸ್ಟು ಕಂಡರೆ ಬಳಸಬೇಡಿ, ಫೋಟೋ ಕಳಿಸಿ, ಬೇರೆ ಕಳಿಸುತ್ತೇವೆ."

ನೋಡಿ, ಮೊದಲ ಅರ್ಧ ಅವರಿಗೆ, ಆಮೇಲಿನದ್ದು ಪೂರ್ತಿ ಮುಂದಿನವರಿಗೆ. 'ಹಳದಿ ಬೇಕಾದವರಿಗೆ ಹೊಂದಲ್ಲ' ಅಂತ ಬರೆದಾಗ ಮನೆಯವರು ವ್ಯಾಪಾರ ಕೈಬಿಡ್ತೀಯಾ ಅಂದರು. ಹಳದಿ ಬೆಲ್ಲ ಬೇಕಾದವರು ನಮ್ಮದು ತರಿಸಿಕೊಂಡರೆ ಇನ್ನೊಂದು ಒಂದು ಸ್ಟಾರ್ ಬರುತ್ತೆ, ವಾಪಸ್ ಕಳಿಸೋ ಖರ್ಚು ಬೇರೆ. ಅವರು ಕೊಳ್ಳದೇ ಇರೋದೇ ನಮಗೆ ಲಾಭ.

ಇನ್ನು ಉತ್ತರದಲ್ಲಿ ಬರೆಯಬಾರದ್ದು. ಕೊಂಡವರ ಹೆಸರು, ಊರು, ಫೋನ್ ನಂಬರ್, ಆರ್ಡರ್ ನಂಬರ್ ಹಾಕಬಾರದು. ನನ್ನ ಪರಿಚಯದ ಒಬ್ಬರು ಸಿಟ್ಟಲ್ಲಿ ನಂಬರ್ ಹಾಕಿಬಿಟ್ಟಿದ್ದರು, ಮಾರೋ ಜಾಗದೋರು ಉತ್ತರನೇ ತೆಗೆದುಹಾಕಿದರು. 'ರಿವ್ಯೂ ತೆಗೆದರೆ ದುಡ್ಡು ವಾಪಸ್' ಅಂತಾನೂ ಕೇಳಬಾರದು. ದುಡ್ಡು ಕೊಡೋದಾದರೆ ತಪ್ಪಿಗೆ ಕೊಡಬೇಕು, ರಿವ್ಯೂಗಲ್ಲ.

ನಮ್ಮ ಭಾವಮೈದ ಇನ್ನೊಂದು ಉಪಾಯ ಹೇಳಿದ. "ಇಷ್ಟೆಲ್ಲಾ ಯಾಕೆ ಬರೀತೀಯಾ ಭಾವ, ನೆಂಟರ ಮೊಬೈಲಿಂದ ಹತ್ತು ಫೈವ್ ಸ್ಟಾರ್ ಹಾಕ್ಸು, ಅದು ಕೆಳಕ್ಕೆ ಹೋಗುತ್ತೆ." 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರೋನೇ ಗ್ರಾಹಕನ ವೇಷ ಹಾಕ್ಕೊಂಡು ತನ್ನ ಮಾಲಿಗೆ ರಿವ್ಯೂ ಬರೆಯೋ ಹಾಗಿಲ್ಲ. ಕಾನೂನು ಹಂಗಿರಲಿ, ಒಂದೇ ವಾರದಲ್ಲಿ ಹತ್ತು ಜನ 'ಸೂಪರ್ ಬೆಲ್ಲ' ಅಂತ ಬರೆದರೆ ಓದೋರಿಗೆ ತಿಳಿಯಲ್ವಾ? ಅದಕ್ಕಿಂತ ಮುಖ್ಯ, ಆ ಹತ್ತು ಸ್ಟಾರ್ ಹರಿದ ಜರಡಿನ ಹೊಲಿಯಲ್ಲ.

ಒಂದು ತೊಡಕಿದೆ. ಎಲ್ಲಾ ಕಡೆನೂ ರಿವ್ಯೂ ಕೆಳಗೆ ಮಾರೋರಿಗೆ ಉತ್ತರ ಬರೆಯೋಕೆ ಬಿಡಲ್ಲ. ಅಂಥ ಕಡೆ ಇದೇ ಮಾತನ್ನ ಮಾಲಿನ ವಿವರಣೆಯಲ್ಲಿ ಬರೀಬೇಕು. ನಾನು ಕಂದು ಬೆಲ್ಲನ ಬಿಸಿಲಲ್ಲಿಟ್ಟು ತೆಗೆದ ಫೋಟೋನೇ ಮೊದಲಿಗೆ ಹಾಕಿದೀನಿ. ಮುಂಚೆ ಇದ್ದಿದ್ದು ಲೈಟಲ್ಲಿ ಹಳದಿಯಾಗಿ ಕಾಣ್ತಿತ್ತು. ಅಂದ್ರೆ 'ಕಪ್ಪಗಿದೆ' ಅನ್ನೋ ದೂರಲ್ಲೂ ನನ್ನ ಪಾಲಿತ್ತು.

ಆ ಒಂದು ಸ್ಟಾರ್ ಇನ್ನೂ ಅಲ್ಲೇ ಇದೆ. ವಾರಕ್ಕೆ ಹತ್ತು ಹನ್ನೆರಡು ಇದ್ದ ಆರ್ಡರ್ ಮೂರಕ್ಕೆ ಇಳಿದಿತ್ತು, ಈಗ ಏಳೆಂಟಕ್ಕೆ ಬಂದಿದೆ. ಹೋದ ತಿಂಗಳು ಒಬ್ಬರು ಆರ್ಡರ್ ಜೊತೆ ಬರೆದಿದ್ದರು: "ನೀವು ಬರೆದ ಉತ್ತರ ಓದಿದೆ. ಕಬ್ಬು ಕಡಿದ ದಿನಾನೇ ಅರೆದ ಲಾಟು ಇದ್ದರೆ ಕಳಿಸಿ, ಇಲ್ಲಾಂದ್ರೆ ಕಾಯ್ತೀನಿ."

ಆವತ್ತಿಂದ ಪ್ರತಿ ಪ್ಯಾಕೆಟ್ ಮೇಲೂ ಎರಡು ದಿನಾಂಕ ಬರೀತಾ ಇದೀನಿ. ಕಡಿದಿದ್ದು ಒಂದು, ಅರೆದಿದ್ದು ಒಂದು. ನಿಮ್ಮಲ್ಲಿ ಯಾರಿಗಾದ್ರೂ ಕೆಟ್ಟ ರಿವ್ಯೂ ಬಂದಿದ್ದರೆ, ಏನು ಉತ್ತರ ಕೊಟ್ಟಿರಿ ಅಂತ ಕೆಳಗೆ ಬರೀರಿ.