ಅಕ್ಕೋರು ಹೋಗೋವಾಗ ಗ್ರೂಪಿಗೆ ಹಾಕೋ ಮೆಸೇಜು

ಅಕ್ಕೋರು ನಡುವರ್ಷದಲ್ಲಿ ಶಾಲೆ ಬಿಟ್ಟು ಹೋಗೋವಾಗ ಕ್ಲಾಸಿನ ಗ್ರೂಪಿಗೆ ಒಂದು ಮೆಸೇಜು ಹಾಕ್ತಾರಲ್ಲ, ಅದರಲ್ಲಿ ಕಣ್ಣೀರು ಕಡಿಮೆ ಇರ್ಲಿ, ತಾರೀಖು ಸರಿ ಇರ್ಲಿ ಅಂತ ನನ್ನ ಅಭಿಪ್ರಾಯ. ಕೇಳೋಕೆ ಒರಟು ಅನ್ನಿಸ್ಬಹುದು. ಆದ್ರೆ ಆ ಮೆಸೇಜು ಅಕ್ಕೋರ ಮನಸ್ಸಿನ ಭಾರ ಇಳಿಸೋಕೆ ಮಾತ್ರ ಇರೋದಲ್ಲ. ಮಗುನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡೋ ಹೊತ್ತು ಅದು.

ನಮ್ಮ ಹುಂಚದ ಸುತ್ತಮುತ್ತ, ಹೊಸನಗರ, ತೀರ್ಥಹಳ್ಳಿ ಕಡೆ ಇದು ಅಪರೂಪ ಅಲ್ಲ. ಖಾಲಿ ಇರೋ ಹುದ್ದೆಗೆ ಸರ್ಕಾರಿ ಶಾಲೇಲಿ ಅತಿಥಿ ಶಿಕ್ಷಕರನ್ನ ತಗೊಳ್ತಾರೆ. ಆ ಜಾಗಕ್ಕೆ ವರ್ಗಾವಣೆಲೋ ಹೊಸ ನೇಮಕಾತಿಲೋ ಖಾಯಂ ಶಿಕ್ಷಕರು ಬಂದ್ರೆ ಅತಿಥಿ ಅಕ್ಕೋರು ಬಿಟ್ಟು ಹೋಗ್ಬೇಕು. ಆ ಖಾಯಂನವರು ಜೂನ್ ಒಂದನೇ ತಾರೀಖಿಗೇ ಬರ್ತಾರೆ ಅಂತ ಎಂತದೂ ಇಲ್ಲ. ಮಳೆಗಾಲದ ನಡುವೆ ಬಂದ್ರೂ ಬಂದ್ರೇ, ದಸರಾ ರಜೆಗೆ ಹದಿನೈದು ದಿನ ಇರೋವಾಗ ಬಂದ್ರೂ ಬಂದ್ರೇ. ಇದರಲ್ಲಿ ಯಾರದ್ದೂ ತಪ್ಪಿಲ್ಲ.

ನಮ್ಮ ನೆಂಟರ ಮನೆ ಮಗು ಒಂದರ ನಲಿಕಲಿ ಗ್ರೂಪಿಗೆ ಬಂದ ಇಂಥ ಮೆಸೇಜು ನಾನೂ ಓದಿದೆ. ಭಾರವಾದ ಮನಸ್ಸಿನಿಂದ ಅಂತ ಶುರುವಾಗಿ, ಮಕ್ಕಳು ಅಂದ್ರೆ ಹೂವು, ಶಾಲೆ ಅಂದ್ರೆ ತೋಟ ಅಂತೆಲ್ಲ ಇತ್ತು. ಕೊನೆಗೆ ನಿಮ್ಮನ್ನೆಲ್ಲ ಮರೆಯೋಲ್ಲ ಅಂತ. ಓದಿ ನಂಗೂ ಗಂಟಲು ಕಟ್ತು, ಸುಳ್ಳು ಹೇಳೋದಿಲ್ಲ. ಆದ್ರೆ ಕೊನೇ ದಿನ ಯಾವುದು, ಸೋಮವಾರ ಯಾರು ಬರ್ತಾರೆ, ಎರಡೂ ಅದರಲ್ಲಿ ಇರ್ಲಿಲ್ಲ. ಕೆಳಗೆ ಕೈಮುಗಿಯೋ ಚಿತ್ರ ಐವತ್ತು ಅರವತ್ತು ಬಂದ್ವು. ನಡುವೆ ಒಬ್ಬಳು ತಾಯಿ, "ಅಕ್ಕೋರೆ, ನಾಳೆ ಬರ್ತೀರಾ ಇಲ್ವಾ?" ಅಂತ ಕೇಳಿದ್ದು ಆ ಚಿತ್ರಗಳ ಅಡಿಲಿ ಮುಚ್ಚಿ ಹೋತು. ಔಷಧಿ ಹೊಡೆಯೋ ಗಡಿಬಿಡಿಲಿ ಇದ್ದವರು ರಾತ್ರಿ ನೆಟ್‌ವರ್ಕ್ ಸಿಕ್ಕಾಗ ಗ್ರೂಪ್ ತೆರೆದ್ರೆ ಕಾಣೋದು ಬರೀ ಕೈಗಳೇ. ಮೂಲ ಮೆಸೇಜು ಎಲ್ಲೋ ಮೇಲೆ.

ನಲಿಕಲಿ ಮಕ್ಕಳಿಗೆ ಇನ್ನೊಂದು ವಿಷಯ ಅದೆ. ನಾಲ್ಕನೇ ಕ್ಲಾಸಿನ ಮೇಲಿನವರಿಗಾದ್ರೆ ಇಂಥಾ ಪಾಠದವರೆಗೆ ಆಗಿದೆ ಅಂದ್ರೆ ಸಾಕು, ಎಲ್ಲರೂ ಒಂದೇ ಪಾಠದಲ್ಲಿ ಇರ್ತಾರೆ. ನಲಿಕಲಿ ಹಂಗಲ್ಲ. ಈ ಪದ್ಧತಿ 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದಿದ್ದು. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ ಕೂತ್ಕೊಂಡು ಕಾರ್ಡ್ ಹಿಡ್ಕೊಂಡು ಕಲೀತಾರೆ. ಪ್ರತಿ ಮಗು ಕಲಿಕಾ ಏಣಿಲಿ ತನ್ನದೇ ಮೆಟ್ಟಿಲ ಮೇಲೆ ಇರ್ತದೆ. ಪಕ್ಕದಲ್ಲಿ ಕೂತ ಮಗು ಬೇರೆ ಮೆಟ್ಟಿಲು. ಯಾರು ಎಲ್ಲಿದ್ದಾರೆ ಅಂತ ಪ್ರಗತಿ ನೋಟದಲ್ಲಿ ಗುರುತು ಹಾಕಿರ್ತಾರೆ. ಅಕ್ಕೋರು ಹೋಗೋ ಮುಂಚೆ ಅದನ್ನ ಪೂರ್ತಿ ತುಂಬಿಸದಿದ್ರೆ ಹೊಸಬರು ಮಗುನ ಅಂದಾಜಿನ ಮೇಲೆ ಕೂರಿಸ್ತಾರೆ. ಗೊತ್ತಿರೋ ಕಾರ್ಡೇ ಮತ್ತೆ ಮಾಡಿ ಮಗುಗೆ ಬೇಜಾರು ಬರ್ತದೆ, ಇಲ್ಲಾ ಬಾರದ್ದು ಎದುರಿಗೆ ಬಂದು ಹೆದರಿಕೆ ಆಗ್ತದೆ. "ಶಾಲೆಗೆ ಹೋಗೋಲ್ಲ, ಹೊಟ್ಟೆನೋವು" ಅಂತ ಮಗು ಬೆಳಿಗ್ಗೆ ಹೇಳೋಕೆ ಶುರು ಮಾಡಿದ್ರೆ ಇದನ್ನೂ ಒಂಚೂರು ಯೋಚಿಸ್ಬೇಕು.

ಹಂಗಾದ್ರೆ ಮೆಸೇಜು ಹೆಂಗಿರ್ಬೇಕು? ನಾನಾಗಿದ್ರೆ ಹಿಂಗೆ ಬರೀತಿದ್ದೆ:

"ನಲಿಕಲಿ ಮಕ್ಕಳ ಮನೆಯವರಿಗೆ ನಮಸ್ಕಾರ. ನಮ್ಮ ಶಾಲೆಗೆ ಖಾಯಂ ಶಿಕ್ಷಕರು ಬರುತ್ತಿದ್ದಾರೆ. ಸೆಪ್ಟೆಂಬರ್ 6, ಶನಿವಾರ ನನ್ನ ಕೊನೆಯ ದಿನ. ಸೋಮವಾರದಿಂದ ಅವರು ತರಗತಿ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆ ಇವತ್ತು ಬೆಳಿಗ್ಗೆ ನಾನೇ ಹೇಳಿದ್ದೇನೆ. ಎಲ್ಲರ ಪ್ರಗತಿ ನೋಟ ತುಂಬಿಸಿ ಮುಖ್ಯ ಶಿಕ್ಷಕರಿಗೆ ಕೊಡುತ್ತೇನೆ. ನಿಮ್ಮ ಮಗು ಎಲ್ಲಿದೆ ಎಂದು ತಿಳಿಯಬೇಕಾದರೆ ಶುಕ್ರವಾರ ಶಾಲೆ ಬಿಟ್ಟ ಮೇಲೆ ಬನ್ನಿ, ಒಬ್ಬೊಬ್ಬರಿಗೇ ಹೇಳುತ್ತೇನೆ. ಮನೆಗೆ ತಂದ ಕಥೆ ಪುಸ್ತಕ ಶನಿವಾರದ ಒಳಗೆ ಕಳಿಸಿ. ಮುಂದೆ ಏನಿದ್ದರೂ ಮುಖ್ಯ ಶಿಕ್ಷಕರನ್ನು ಕೇಳಿ. ಜೂನ್‌ನಿಂದ ನಿಮ್ಮ ಮಕ್ಕಳ ಜೊತೆ ಇದ್ದದ್ದು ಖುಷಿ ಕೊಟ್ಟಿದೆ."

ಇಷ್ಟೇ. ಪ್ರೀತಿಯ ಮಾತು ಕೊನೇಲಿ ಒಂದೇ ಸಾಲು, ಆದ್ರೂ ಕಡಿಮೆ ಆತು ಅನ್ನಿಸೋಲ್ಲ. ಮಕ್ಕಳಿಗೆ ಬೆಳಿಗ್ಗೆ ಹೇಳಿದ್ದೇನೆ ಅನ್ನೋ ಸಾಲು ಮಾತ್ರ ಬಿಡ್ಬಾರದು. ಅಕ್ಕೋರು ಹೋಗ್ತಾರೆ ಅಂತ ಮಗುಗೆ ಅಮ್ಮನ ಫೋನಿಂದ ಗೊತ್ತಾಗೋದು ಸರಿಯಲ್ಲ. ಮೊದಲು ತರಗತಿ, ಅದೇ ದಿನ ಸಂಜೆ ಗ್ರೂಪು. "ಒಬ್ಬೊಬ್ಬರಿಗೇ" ಅಂತ ಬರೆದಿದ್ದೂ ಸುಮ್ನೆ ಅಲ್ಲ. ಇಂಥವಳು ಚುರುಕು, ಇಂಥವನು ಇನ್ನೂ ಒತ್ತಕ್ಷರದಲ್ಲೇ ಇದ್ದಾನೆ ಅಂತ ಪ್ರೀತಿಯಿಂದ ಗ್ರೂಪಲ್ಲಿ ಬರೆದ್ರೂ ಊರಿಗೆಲ್ಲ ಗೊತ್ತಾಗ್ತದೆ. ಆ ಮಾತು ಮಗುವಿನ ಬೆನ್ನಿಗೆ ವರ್ಷಗಟ್ಲೆ ಅಂಟಿಕೊಳ್ತದೆ. ಓದೋಕೆ ಬಾರದ ಅಜ್ಜಿಯರಿರೋ ಮನೆಗಾಗಿ ಇದನ್ನೇ ಬಾಯಲ್ಲಿ ಹೇಳಿ ಒಂದು ವಾಯ್ಸ್ ಮೆಸೇಜೂ ಹಾಕಿದ್ರೆ ಒಳ್ಳೇದು. ಹೂವಿನ ಚಿತ್ರದ ಮೇಲೆ ಅಕ್ಷರ ಬರೆದು ಫೋಟೊ ಕಳಿಸೋದು ಬೇಡ, ನಮ್ಮ ಕಡೆ ಮಳೆಲಿ ಅದು ಇಳಿಯೋದೇ ಇಲ್ಲ.

ಇನ್ನು ಗ್ರೂಪಿನ ಕೀಲಿಕೈ. ಎಷ್ಟೋ ಕಡೆ ಅಕ್ಕೋರು ಒಬ್ಬರೇ ಅಡ್ಮಿನ್. ಮೆಸೇಜು ಹಾಕಿ, ದುಃಖದಲ್ಲಿ ಅವತ್ತೇ ಗ್ರೂಪಿಂದ ಹೊರಗೆ ಹೋದ್ರೆ, ಇದ್ದವರಲ್ಲಿ ಯಾರಾದ್ರೂ ಒಬ್ಬರನ್ನ ವಾಟ್ಸಾಪ್ ತಾನೇ ಅಡ್ಮಿನ್ ಮಾಡ್ತದೆ. ಅದು ಯಾರಾಗ್ತಾರೋ ಹೇಳೋಕಾಗೋಲ್ಲ. ಅದಕ್ಕೇ ಮೊದಲು ಮುಖ್ಯ ಶಿಕ್ಷಕರನ್ನೋ ಹೊಸಬರನ್ನೋ ಸೇರಿಸಿ ಅಡ್ಮಿನ್ ಮಾಡ್ಬೇಕು, ಆಮೇಲೆ ಹೊರಡ್ಬೇಕು. ಹೊಸದಾಗಿ ಸೇರಿದವರಿಗೆ ಹಿಂದಿನ ಮೆಸೇಜುಗಳು ತಾವಾಗೇ ಕಾಣೋದಿಲ್ಲ, ಹಂಗಾಗಿ ಗ್ರೂಪಲ್ಲಿ ಹೇಳಿದ್ದನ್ನೆಲ್ಲ ಹೊಸಬರು ಓದ್ಕೊಳ್ತಾರೆ ಅಂತ ಬಿಡೋಕಾಗೋಲ್ಲ. ವಿದಾಯದ ಮೆಸೇಜು ಹಾಕಿದ ಮೇಲೆ ಒಂದೆರಡು ದಿನ ಅಡ್ಮಿನ್ ಮಾತ್ರ ಬರೆಯೋ ಹಂಗೆ ಮಾಡಿಟ್ರೆ ಅದು ಕೆಳಗೇ ನಿಲ್ತದೆ, ಎಲ್ಲರ ಕಣ್ಣಿಗೂ ಬೀಳ್ತದೆ.

ಈಗ ನಮ್ಮ ಪಾಲಿನ ಮಾತು. ಎಂತಕ್ಕೆ ಬಿಟ್ರಿ, ಯಾರಾದ್ರೂ ಎಂತಾದ್ರೂ ಅಂದ್ರಾ ಅಂತ ಗ್ರೂಪಲ್ಲಿ ಕೇಳೋದು ಬೇಡ ಮಾರಾಯ್ತಿ. 2025-26ರ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 2,000 ರೂಪಾಯಿ ಜಾಸ್ತಿ ಮಾಡಿದ್ರು, ಆದ್ರೂ ಅದು ಖಾಯಂ ಕೆಲಸ ಆಗ್ಲಿಲ್ಲ. ಹೋಗ್ತಿರೋದು ಅವರ ಅನ್ನದ ದಾರಿ. ಅದನ್ನ ಎಪ್ಪತ್ತು ಜನರ ಎದುರಿಗೆ ಬಾಯಿಬಿಟ್ಟು ಹೇಳಿಸ್ಬೇಕಾ? ಬರೋ ಹೊಸಬರನ್ನ ಇವರ ಜೊತೆ ತೂಗಿ "ನೀವೇ ಬೇಕಿತ್ತು" ಅಂತ ಬರೆಯೋದೂ ಬೇಡ. ಆ ಹೊಸಬರೂ ಸೋಮವಾರ ಇದೇ ಗ್ರೂಪಿಗೆ ಬರೋರು.

ಅಷ್ಟು ಪ್ರೀತಿ ಇದ್ರೆ ಶುಕ್ರವಾರ ಸಂಜೆ ಹತ್ತು ನಿಮಿಷ ಮಾಡ್ಕೊಂಡು ಶಾಲೆಗೆ ಹೋಗ್ಬೇಕು. ಮಗುವಿನ ಮೆಟ್ಟಿಲು ಕೇಳಿಕೊಂಡು, ತೋಟದ ನಾಲ್ಕು ಬಾಳೆಹಣ್ಣು ಅಕ್ಕೋರ ಕೈಗೆ ಕೊಟ್ಟು ಬರ್ಬೇಕು. ಕೈಮುಗಿಯೋ ಚಿತ್ರ ಒತ್ತೋಕಿಂತ ಅದು ಮಗುಗೂ ಒಳ್ಳೇದು, ಅಕ್ಕೋರಿಗೂ ಒಳ್ಳೇದು.