ಹೃದಯಕ್ಕೆ ಊಟದ ಹೊತ್ತು ಯಾವುದು?

ಹೃದಯ ಮೈಗೆಲ್ಲ ರಕ್ತ ಕಳಿಸುತ್ತೆ, ಸರಿ. ತನಗೆ ಬೇಕಾದ ರಕ್ತವನ್ನ ಯಾವಾಗ ತಗೊಳ್ಳುತ್ತೆ? ಫಿಸಿಯಾಲಜಿ ಕ್ಲಾಸಲ್ಲಿ ನಾನು ಹೀಗೆ ಕೇಳಿದರೆ ಬರೋ ಉತ್ತರ ಹೆಚ್ಚಾಗಿ ‘ಪಂಪ್ ಮಾಡುವಾಗಲೇ’ ಅಂತ. ಬೇರೆ ಅಂಗಗಳ ಮಟ್ಟಿಗೆ ಅದು ನಿಜ. ಹೃದಯದ ಎಡಭಾಗದ ದಪ್ಪ ಗೋಡೆಗೆ ಮಾತ್ರ ಉಲ್ಟಾ.

ಕರೋನರಿ ನಾಳಗಳು ಮಹಾಪಧಮನಿಯ ಬುಡದಲ್ಲಿ ಹುಟ್ಟಿ ಆ ಗೋಡೆಯೊಳಗೆ ಕವಲೊಡೆಯುತ್ತವೆ. ಗೋಡೆ ಬಿಗಿಯಾಗಿ ಹಿಂಡಿದಾಗ, ಅಂದರೆ ಸಿಸ್ಟೋಲ್‌ನಲ್ಲಿ, ಒಳಗಿರೋ ಸಣ್ಣ ನಾಳಗಳೂ ಅಮುಕಿಹೋಗುತ್ತವೆ. ಒಳಪದರಕ್ಕಂತೂ ಆಗ ಹೆಚ್ಚುಕಡಿಮೆ ಏನೂ ಸಿಗಲ್ಲ. ಹೃದಯ ಸಡಿಲವಾದಾಗ, ಡಯಾಸ್ಟೋಲ್‌ನಲ್ಲಿ, ರಕ್ತ ಒಳಗೆ ನುಗ್ಗುತ್ತೆ. ಎಡಗೋಡೆಗೆ ಊಟದ ಹೊತ್ತು ಅದೇ.

ಬಡಿತ ಜೋರಾದಾಗ ಕಡಿತ ಆಗೋದೂ ಮುಖ್ಯವಾಗಿ ಈ ಹೊತ್ತೇ. ನಿಮಿಷಕ್ಕೆ 75 ಬಡಿತ ಇದ್ದಾಗ ಒಂದೊಂದು ಡಯಾಸ್ಟೋಲ್ ಸುಮಾರು 0.53 ಸೆಕೆಂಡ್, ಒಟ್ಟು ಸೇರಿಸಿದರೆ ನಿಮಿಷದಲ್ಲಿ 40 ಸೆಕೆಂಡ್. ಬಡಿತ 200 ಆದಾಗ ಅದು 0.14 ಸೆಕೆಂಡ್, ಒಟ್ಟು 28 ಸೆಕೆಂಡ್ ಅಷ್ಟೇ. ಕೆಲಸ ಹೆಚ್ಚಾಯ್ತು, ಊಟದ ಹೊತ್ತು ಕಡಿಮೆಯಾಯ್ತು.

ಹಾಗಾದ್ರೆ ಬಂದ ರಕ್ತದಿಂದಲೇ ಹೆಚ್ಚು ಆಕ್ಸಿಜನ್ ಹೀರಿಕೊಳ್ಳಬಹುದಲ್ವಾ? ಅದಕ್ಕೆ ಜಾಗವೇ ಇಲ್ಲ. ಸುಮ್ಮನೆ ಕೂತಾಗಲೇ ಹೃದಯ ಸುಮಾರು 70% ಹೀರಿಬಿಟ್ಟಿರುತ್ತೆ. ಉಳಿದ ದಾರಿ ಒಂದೇ, ಹೆಚ್ಚು ರಕ್ತ ತರಿಸಿಕೊಳ್ಳೋದು. ಆಕ್ಸಿಜನ್ ಸಾಲದಾದಾಗ ಸ್ನಾಯುಕೋಶಗಳಿಂದ ಅಡಿನೋಸಿನ್‌ನಂಥ ವಸ್ತುಗಳು ಹೊರಬಂದು ಸಣ್ಣ ನಾಳಗಳನ್ನ ಅಗಲ ಮಾಡುತ್ತವೆ. ಆರೋಗ್ಯವಂತರಲ್ಲಿ ಹೀಗೆ ಹರಿವು ನಾಲ್ಕು ಪಟ್ಟಿನವರೆಗೂ ಏರಬಹುದು.

ನಮ್ಮ ಪಕ್ಕದ ಮನೆ ಅಂಕಲ್‌ಗೆ 58. ಎರಡನೇ ಮಹಡಿ ಹತ್ತುವಷ್ಟರಲ್ಲಿ ಎದೆ ಹಿಡಿದಂತಾಗುತ್ತೆ, ನಿಂತರೆ ಎರಡು–ಮೂರು ನಿಮಿಷದಲ್ಲಿ ಸರಿಹೋಗುತ್ತೆ. ಅವರ ದೊಡ್ಡ ಕರೋನರಿ ನಾಳವೊಂದು ಕಿರಿದಾಗಿದೆ. ಅದನ್ನ ಸರಿದೂಗಿಸೋಕೆ ಮುಂದಿನ ಸಣ್ಣ ನಾಳಗಳು ಕೂತಾಗಲೇ ಅಗಲವಾಗಿವೆ. ಮೆಟ್ಟಿಲಲ್ಲಿ ಇನ್ನಷ್ಟು ಅಗಲವಾಗೋಕೆ ಆಗಲ್ಲ, ಡಯಾಸ್ಟೋಲ್ ಬೇರೆ ಚಿಕ್ಕದಾಗುತ್ತೆ. ಮೊದಲು ಸೊರಗೋದು ಒಳಪದರ.

ಅವರಿಗೆ ಕೊಟ್ಟಿರೋದು ಮೆಟೊಪ್ರೊಲಾಲ್. “ರಕ್ತ ಸಾಲ್ತಿಲ್ಲ ಅಂತಾರೆ, ಮತ್ತೆ ಹೃದಯ ನಿಧಾನ ಮಾಡೋ ಮಾತ್ರೆ ಯಾಕಮ್ಮಾ?” ಅಂದ್ರು. ಒಳ್ಳೇ ಪ್ರಶ್ನೆ! ಬಡಿತ ನಿಧಾನವಾದರೆ ಆಕ್ಸಿಜನ್ ಬೇಡಿಕೆ ಇಳಿಯುತ್ತೆ, ಡಯಾಸ್ಟೋಲ್ ಉದ್ದವಾಗಿ ಪೂರೈಕೆಯೂ ಏರುತ್ತೆ. ಹಾಗಂತ ಆ ಮಾತ್ರೆ ಕಿರಿದಾದ ನಾಳವನ್ನ ಬಿಡಿಸಲ್ಲ, ಮನಸ್ಸಿಗೆ ಬಂದಾಗ ಥಟ್ಟನೆ ನಿಲ್ಲಿಸೋದೂ ಅಪಾಯ.

ಅಂಕಲ್‌ಗೆ ಇನ್ನೊಂದು ಮಾತೂ ಹೇಳಿದೆ. ಸುಮ್ಮನೆ ಕೂತಿದ್ದಾಗಲೇ ನೋವು ಬಂದರೆ, ಇಲ್ಲಾ ನಿಂತ ಮೇಲೂ ಇಳಿಯದಿದ್ದರೆ, ಅದು ಬೇಡಿಕೆ ಹೆಚ್ಚಾದ ಲೆಕ್ಕ ಅಲ್ಲ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಕಾಯಬಾರದು, 108ಕ್ಕೆ ಫೋನ್ ಮಾಡಬೇಕು.