ಕನ್ನಡ ಲಿಪಿಯೋ, ಇಂಗ್ಲಿಷ್ ಲಿಪಿಯೋ?

ಬೆಂಗಳೂರಿನಲ್ಲಿ ಸಣ್ಣದೊಂದು ಪ್ರಕಾಶನ ನಡೆಸುವ ಗೆಳೆಯರೊಬ್ಬರಿದ್ದಾರೆ. ಪುಸ್ತಕ ಕೊಂಡವರ, ಬಿಡುಗಡೆ ಸಮಾರಂಭಕ್ಕೆ ಬಂದವರ ಇಮೇಲ್ ವಿಳಾಸಗಳನ್ನು ವರ್ಷಗಟ್ಟಲೆ ಕೂಡಿಟ್ಟು, ಪ್ರತಿ ಶುಕ್ರವಾರ ಬೆಳಿಗ್ಗೆ ಅವರಿಗೆಲ್ಲ ಹೊಸ ಪುಸ್ತಕಗಳ ಸುದ್ದಿ ಕಳಿಸುತ್ತಾರೆ. ಒಂದು ದಿನ ಫೋನ್ ಮಾಡಿ, "ಇನ್ನು ಮೇಲೆ ಸಬ್ಜೆಕ್ಟ್ ಲೈನ್ ಇಂಗ್ಲಿಷ್ ಲಿಪಿಯಲ್ಲೇ ಬರೀತೀನಿ ಸಾರ್. ಟೆಸ್ಟ್ ಮಾಡಿ ನೋಡಿದೆ, ಕನ್ನಡ ಲಿಪಿ ಸೋತುಹೋಯ್ತು" ಎಂದರು. ದನಿಯಲ್ಲಿ ಬೇಸರವಿತ್ತು. ಮೂವತ್ತು ವರ್ಷ ಕನ್ನಡ ಅಚ್ಚು ಹಾಕಿಸಿದ ಮನುಷ್ಯ, ಬೇಸರ ಸಹಜ. ಆ ಟೆಸ್ಟಿನ ವಿವರ ಕಳಿಸಿಕೊಡಿ ಎಂದೆ.

ಪಟ್ಟಿಯಲ್ಲಿ 4,000ಕ್ಕೂ ಹೆಚ್ಚು ವಿಳಾಸಗಳಿದ್ದವು. ಮೇಲ್ ಕಳಿಸುವ ತಂತ್ರಾಂಶ ಅದರಲ್ಲಿ 400 ಮಂದಿಗೆ ಒಂದು ಸಾಲನ್ನು, ಬೇರೆ 400 ಮಂದಿಗೆ ಇನ್ನೊಂದು ಸಾಲನ್ನು ಕಳಿಸಿತ್ತು. ನಾಲ್ಕು ಗಂಟೆ ಕಾದು, ಹೆಚ್ಚು ಜನ ತೆರೆದ ಸಾಲನ್ನು 'ಗೆದ್ದದ್ದು' ಎಂದು ಘೋಷಿಸಿ ಉಳಿದವರಿಗೆ ಅದನ್ನೇ ಕಳಿಸಿತ್ತು. ಕನ್ನಡ ಲಿಪಿಯ ಮೇಲನ್ನು ತೆರೆದವರು 88 ಮಂದಿ, ಇಂಗ್ಲಿಷ್ ಲಿಪಿಯದನ್ನು ತೆರೆದವರು 104 ಮಂದಿ. ನೂರಕ್ಕೆ 22, ನೂರಕ್ಕೆ 26. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಬಂದ ಆ 26ನ್ನು ನೋಡಿದರೆ ಯಾರಾದರೂ ನಂಬುವಂತಿತ್ತು.

ಅವರಿಗೆ ನಾನು ಬೇರೇನೂ ಹೇಳಲಿಲ್ಲ. ಮುಂದಿನ ವಾರ ಒಂದಕ್ಷರವೂ ಬದಲಾಗದ ಒಂದೇ ಸಾಲನ್ನು ಎರಡೂ ಗುಂಪಿಗೆ ಕಳಿಸಿ ನೋಡಿ ಎಂದೆ. ಕಳಿಸಿದರು. ಒಂದು ಗುಂಪಿನಲ್ಲಿ 84 ಮಂದಿ ತೆರೆದರು, ಇನ್ನೊಂದರಲ್ಲಿ 99. ಅದೇ ಸಾಲು, ಅದೇ ಹೊತ್ತು, ಅದೇ ಪುಸ್ತಕಗಳು. ಆದರೂ ಹದಿನೈದು ಮಂದಿಯ ಅಂತರ. ಎರಡು ಸಾಲುಗಳ ನಡುವೆ ನಿಜವಾಗಿ ಏನೂ ವ್ಯತ್ಯಾಸವಿಲ್ಲದಿದ್ದರೂ, 400ರ ಗುಂಪುಗಳಲ್ಲಿ ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಐದು ಸಲಕ್ಕೆ ಒಂದು ಸಲ ಬಂದೇ ಬರುತ್ತದೆ. ಪರೀಕ್ಷೆ ಶುರುಮಾಡುವ ಎಲ್ಲರೂ ಮೊದಲು ಹೀಗೆ ಒಂದನ್ನೇ ಎರಡು ಮಾಡಿ ಕಳಿಸಿ ನೋಡಬೇಕೆಂದು ನನಗನ್ನಿಸುತ್ತದೆ. ಅಳೆಯುವ ತಕ್ಕಡಿ ಎಷ್ಟು ಓಲಾಡುತ್ತದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಹಾಗಾದರೆ ಎಷ್ಟು ಮಂದಿ ಬೇಕು? ಇದಕ್ಕೆ ಸಂಖ್ಯಾಶಾಸ್ತ್ರದವರು ಬಳಸುವ ಅಂದಾಜು ಸೂತ್ರವೊಂದಿದೆ:

```
n = 16 × p × (1 − p) ÷ d²
```

ಇಲ್ಲಿ `p` ಎಂದರೆ ಮಾಮೂಲಾಗಿ ತೆರೆಯುವವರ ಪ್ರಮಾಣ, `d` ಎಂದರೆ ನಾವು ಕಂಡುಹಿಡಿಯಬೇಕೆಂದಿರುವ ಅಂತರ, `n` ಎಂದರೆ ಒಂದೊಂದು ಗುಂಪಿನಲ್ಲೂ ಇರಬೇಕಾದ ಜನ. ಅಷ್ಟು ಅಂತರ ನಿಜವಾಗಿ ಇದ್ದರೆ, ಐದರಲ್ಲಿ ನಾಲ್ಕು ಸಲ ಅದು ನಮ್ಮ ಕೈಗೆ ಸಿಗುತ್ತದೆ. ಗೆಳೆಯರ ಮೇಲನ್ನು ನೂರಕ್ಕೆ ಸುಮಾರು 21 ಮಂದಿ ತೆರೆಯುತ್ತಿದ್ದರು. ನೂರಕ್ಕೆ 5ರ ಅಂತರ ಹುಡುಕುವುದಾದರೆ ಗುಂಪಿಗೆ ಸಾವಿರದ ಮೇಲೆ ಸ್ವಲ್ಪ ಸಾಕು. ನೂರಕ್ಕೆ 2ರ ಅಂತರವಾದರೆ ಗುಂಪಿಗೆ ಸುಮಾರು 6,600 ಬೇಕು. ಅಂತರ ಅರ್ಧವಾದರೆ ಬೇಕಾದ ಜನ ನಾಲ್ಕು ಪಟ್ಟಾಗುತ್ತದೆ. ಹುಡುಕುವ ವಸ್ತು ಚಿಕ್ಕದಾದಷ್ಟೂ ಜಾಲಾಡಬೇಕಾದ ಹೊಲ ದೊಡ್ಡದಾಗುತ್ತದೆ. ಲಿಪಿ ಬದಲಿಸಿದ ಮಾತ್ರಕ್ಕೆ ನೂರಕ್ಕೆ ಐದು ಮಂದಿ ಹೆಚ್ಚು ತೆರೆಯುತ್ತಾರೆಂದು ನಂಬಲು ನಮ್ಮಲ್ಲಿ ಕಾರಣವಿರಲಿಲ್ಲ, ಎರಡನ್ನೇ ಹುಡುಕಬೇಕಿತ್ತು.

ಸಂಖ್ಯೆಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಆ ಮೊದಲ ಟೆಸ್ಟಿನ ಎರಡು ಮೇಲ್‌ಗಳನ್ನು ನನ್ನ ಫೋನಿಗೆ ತರಿಸಿಕೊಂಡು ಇನ್‌ಬಾಕ್ಸಿನಲ್ಲಿ ಒಂದರ ಕೆಳಗೊಂದು ಇಟ್ಟು ನೋಡಿದೆ. ಮೊದಲನೆಯದು "ಈ ವಾರದ ಹೊಸ ಪುಸ್ತಕಗಳು". ಎರಡನೆಯದು "Ee vaarada hosa pustakagalu - 20% riyayiti". ರಿಯಾಯಿತಿಯ ಮಾತು ಒಂದರಲ್ಲಿ ಮಾತ್ರ! ಅಷ್ಟೇ ಅಲ್ಲ. ಸಬ್ಜೆಕ್ಟಿನ ಕೆಳಗೆ ತಿಳಿಬಣ್ಣದಲ್ಲಿ ಮೇಲ್‌ನ ಮೊದಲ ಮಾತುಗಳು ಕಾಣುತ್ತವಲ್ಲ, ಅಲ್ಲಿ ಇಂಗ್ಲಿಷ್ ಲಿಪಿಯದಕ್ಕೆ ಒಂದು ಕಾದಂಬರಿಯ ಹೆಸರಿತ್ತು. ಕನ್ನಡದ್ದಕ್ಕೆ ಆ ಜಾಗವನ್ನು ತುಂಬುವುದು ಮರೆತಿದ್ದರಿಂದ "ಈ ಮೇಲ್ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ" ಎಂದು ಬಂದಿತ್ತು. ಲಿಪಿ, ರಿಯಾಯಿತಿ, ಕೆಳಗಿನ ಸಾಲು ಎಂದು ಮೂರು ವ್ಯತ್ಯಾಸಗಳು. ಹತ್ತು ಸಾವಿರ ಮಂದಿಗೆ ಕಳಿಸಿದ್ದರೂ ಗೆಲುವು ಯಾವುದರಿಂದ ಬಂತೆಂದು ಯಾರೂ ಹೇಳಲಾರರು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ವೇದವಾಕ್ಯವೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಹೊಲಗಳಲ್ಲಿ ಗೊಬ್ಬರಗಳ ಪ್ರಯೋಗ ನಡೆಸುತ್ತಿದ್ದ ರೊನಾಲ್ಡ್ ಫಿಶರ್ 1926ರಷ್ಟು ಹಿಂದೆಯೇ ಈ ನಿಯಮವನ್ನು ಒಪ್ಪಲಿಲ್ಲ. ನಿಸರ್ಗದ ಮುಂದೆ ಹಲವು ಪ್ರಶ್ನೆಗಳನ್ನು ಒಟ್ಟಿಗೇ ಇಡಬಹುದೆಂದು ವಾದಿಸಿದರು. ಆದರೆ ಅವರ ದಾರಿಯಲ್ಲಿ ಎಲ್ಲ ಜೋಡಣೆಗಳನ್ನೂ ಬಿತ್ತಬೇಕು. ನಮ್ಮ ವಿಷಯದಲ್ಲಿ, ಕೆಳಗಿನ ಸಾಲನ್ನು ಬಿಟ್ಟು ಲಿಪಿ, ರಿಯಾಯಿತಿ ಎರಡನ್ನೇ ತೆಗೆದುಕೊಂಡರೂ, ರಿಯಾಯಿತಿ ಇರುವ ಕನ್ನಡ, ಇಲ್ಲದ ಕನ್ನಡ, ಇರುವ ಇಂಗ್ಲಿಷ್, ಇಲ್ಲದ ಇಂಗ್ಲಿಷ್ ಎಂದು ನಾಲ್ಕು ಗುಂಪು ಮಾಡಬೇಕು. ಗೆಳೆಯರು ನಾಲ್ಕರಲ್ಲಿ ಎರಡನ್ನು ಮಾತ್ರ, ಅದೂ ಮೂಲೆಯಿಂದ ಮೂಲೆಗೆ ಆರಿಸಿಕೊಂಡಿದ್ದರು. ಚಿಕ್ಕ ಪಟ್ಟಿಯವರಿಗೆ, ಲೆಕ್ಕ ಕೈಯಲ್ಲೇ ಮಾಡುವವರಿಗೆ, ಒಂದೇ ಪ್ರಶ್ನೆ ಕೇಳುವುದು ಒಳ್ಳೆಯದು.

ನಮ್ಮ ಪ್ರಶ್ನೆ ಲಿಪಿಯದು. ಆದ್ದರಿಂದ ಮಾತು ಅದೇ, ಲಿಪಿ ಮಾತ್ರ ಬೇರೆ. ಕೆಳಗಿನ ಸಾಲು, ಕಳಿಸುವವರ ಹೆಸರು, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ, ಎಲ್ಲ ಒಂದೇ. ಗುಂಪು ಮಾಡುವಾಗ ಪಟ್ಟಿಯನ್ನು ಮೇಲಿನಿಂದ ಅರ್ಧಕ್ಕೆ ಕತ್ತರಿಸಲಿಲ್ಲ. ಅದು ಸೇರಿದ ದಿನಾಂಕದ ಕ್ರಮದಲ್ಲಿತ್ತು, ಹತ್ತು ವರ್ಷದ ಹಿಂದೆ ಸೇರಿದವರಲ್ಲಿ ಎಷ್ಟೋ ಮಂದಿ ಆ ವಿಳಾಸವನ್ನೇ ಬಿಟ್ಟಿರುತ್ತಾರೆ. ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ವಿಳಾಸದ ಪಕ್ಕ `RAND()` ಹಾಕಿ, ಬಂದ ಸಂಖ್ಯೆಯ ಪ್ರಕಾರ ಜೋಡಿಸಿ, ಆಮೇಲೆ ಅರ್ಧ ಮಾಡಿದೆವು.

ಆಪಲ್ ಫೋನಿನವರನ್ನು ಲೆಕ್ಕದಿಂದ ಬಿಡಬೇಕಾಯಿತು. ಮೇಲ್ ತೆರೆದರೋ ಇಲ್ಲವೋ ಎಂದು ತಿಳಿಯುವುದು ಅದರೊಳಗೆ ಅಡಗಿಸಿಟ್ಟ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಲೋಡ್ ಆಗುವುದರಿಂದ. 2021ರ ಸೆಪ್ಟೆಂಬರಿನಲ್ಲಿ ಬಂದ ಐಒಎಸ್ 15ರಿಂದೀಚೆಗೆ, ಗೌಪ್ಯತೆಯ ರಕ್ಷಣೆ ಆನ್ ಮಾಡಿಕೊಂಡವರ ಆಪಲ್ ಮೇಲ್ ಆ ಚಿತ್ರವನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ. ಅವರು ಮುಟ್ಟದ ಮೇಲ್ ಕೂಡ ತೆರೆದದ್ದೆಂದೇ ದಾಖಲಾಗುತ್ತದೆ. ತೆರೆಯುವುದನ್ನು ಬಿಟ್ಟು ಕೊಂಡಿ ಒತ್ತಿದವರನ್ನು ಎಣಿಸುವುದು ಇನ್ನೂ ಗಟ್ಟಿ. ಆದರೆ ಒತ್ತುವವರು ನೂರಕ್ಕೆ ಇಬ್ಬರೇ ಇದ್ದರೆ, ಅದು ಎರಡೂವರೆಗೆ ಏರಿತೇ ಎಂದು ತಿಳಿಯಲು ಗುಂಪಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಬೇಕು. ಅದು ನಮ್ಮ ಶಕ್ತಿಗೆ ಮೀರಿದ್ದು.

6,600 ಕೂಡ ಮೀರಿದ್ದೇ, ಒಂದೇ ವಾರದಲ್ಲಿ ಮುಗಿಸುವುದಾದರೆ. ಆದ್ದರಿಂದ ಆಪಲ್ ಫೋನಿನವರನ್ನು ಬಿಟ್ಟು ಉಳಿದ ಪಟ್ಟಿಯನ್ನು 2,000, 2,000 ಮಾಡಿ ನಾಲ್ಕು ವಾರ ಅದೇ ಪ್ರಶ್ನೆ ಕೇಳಿದೆವು. ಒಂದು ವಾರ ಕನ್ನಡ ಲಿಪಿ ಪಡೆದವರಿಗೆ ಮರುವಾರ ಇಂಗ್ಲಿಷ್ ಲಿಪಿ. ವಾರವಾರ ಪುಸ್ತಕ ಬೇರೆ, ಸಾಲೂ ಬೇರೆ, ಆದರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಲಿಪಿಯೊಂದೇ. ನಾಲ್ಕನೇ ವಾರ ಮುಗಿಯುವ ತನಕ ತೀರ್ಮಾನವಿಲ್ಲ ಎಂದು ಮೊದಲೇ ಬರೆದಿಟ್ಟುಕೊಂಡೆವು. ದಿನಾ ಇಣುಕಿ, ಬೇಕಾದ ಫಲಿತಾಂಶ ಕಂಡ ಕೂಡಲೇ ನಿಲ್ಲಿಸಿದರೆ ಆಕಸ್ಮಿಕವೇ ಗೆಲ್ಲುತ್ತದೆ. ಎರಡನೇ ವಾರ ಇಂಗ್ಲಿಷ್ ಲಿಪಿ ಮುಂದಿದ್ದಾಗ ಗೆಳೆಯರ ಫೋನ್ ಬಂತು, ಕಾಯೋಣ ಎಂದೆ.

ಕೊನೆಗೆ ಎರಡೂ ಕಡೆ 8,000 ಮೇಲ್‌ಗಳಾದವು. ಕನ್ನಡ ಲಿಪಿಯವುಗಳಲ್ಲಿ ಜನ ತೆರೆದದ್ದು 1,712, ಇಂಗ್ಲಿಷ್ ಲಿಪಿಯವುಗಳಲ್ಲಿ 1,640. ನೂರಕ್ಕೆ 21.4 ಮತ್ತು 20.5. ಕನ್ನಡ ಗೆದ್ದಿತೆಂದು ಇದರಿಂದ ಹೇಳಲಾಗದು, ಇಷ್ಟು ಅಂತರ ಆಕಸ್ಮಿಕದ ಎಲ್ಲೆಯೊಳಗೇ ಇದೆ. ಆದರೆ ಆ ಎಲ್ಲೆಯನ್ನು ಲೆಕ್ಕ ಹಾಕಿದರೆ, ಕನ್ನಡ ಲಿಪಿ ನೂರಕ್ಕೆ 2ರಷ್ಟು ಮುಂದಿರಬಹುದು, ಹಿಂದಿದ್ದರೂ ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಗೆಳೆಯರು ಕಾಗದದ ಮೇಲಿನ ಆ ಎರಡು ಸಂಖ್ಯೆಗಳನ್ನು ಎರಡು ಸಲ ಓದಿ, "ಅಂದ್ರೆ ಕನ್ನಡದಲ್ಲಿ ಬರೆದ್ರೆ ನಷ್ಟ ಇಲ್ಲ ತಾನೇ?" ಎಂದು ಕೇಳಿದರು. ಈ ಪಟ್ಟಿಯ ಓದುಗರ ಮಟ್ಟಿಗೆ ಇಲ್ಲ ಎಂದೆ. ಮರು ಶುಕ್ರವಾರ ಇಡೀ ಪಟ್ಟಿಗೆ ಕನ್ನಡ ಲಿಪಿಯಲ್ಲೇ ಮೇಲ್ ಹೋಯಿತು.